ಸಣ್ಣ ಆಂಪ್‌ನಿಂದ ದೊಡ್ಡ ಬಾಕ್ಸ್‌ನ ಟ್ವೀಟರ್ ಸುಡುವುದು ಹೇಗೆ?

ಗಣೇಶನ ಹಬ್ಬ, ರಾಜ್ಯೋತ್ಸವದ ಸೀಸನ್ ಮುಗಿದ ಮೇಲೆ ಎಸ್.ಪಿ. ರೋಡ್‌ನ ನಮ್ಮ ರಿಪೇರಿ ಟೇಬಲ್ಲಿಗೆ ಬರುವ ಸ್ಪೀಕರ್ ಬಾಕ್ಸ್‌ಗಳಲ್ಲಿ ಹೆಚ್ಚಿನವು ಟ್ವೀಟರ್ ಹೋದವು. ವೂಫರ್‌ಗೆ ಏನೂ ಆಗಿರುವುದಿಲ್ಲ. ತಂದವರು ಹೇಳುವ ಮಾತೂ ಒಂದೇ: "ಸಾರ್, ಆಂಪ್ ಸಣ್ಣದು, ಬಾಕ್ಸ್ ದೊಡ್ಡದು. ಸುಡೋಕೆ ಹೇಗೆ ಸಾಧ್ಯ?"

ವಿಜಯನಗರದ ಕಡೆಯ ಒಂದು ಕಲ್ಯಾಣ ಮಂಟಪದ ಕೇಸ್ ಹೇಳುತ್ತೇನೆ. ಅವರ ಬಾಕ್ಸ್‌ಗಳು 8 ಓಮ್, 250 ವ್ಯಾಟ್ ಆರ್‌ಎಂಎಸ್. ಆಂಪ್ ಎರಡು ಚಾನೆಲ್‌ನದು. ಒಂದೊಂದು ಚಾನೆಲ್ಲೂ 8 ಓಮ್‌ಗೆ 300 ವ್ಯಾಟ್, 4 ಓಮ್‌ಗೆ 450 ವ್ಯಾಟ್ ಕೊಡುತ್ತದೆ. 4 ಓಮ್‌ಗಿಂತ ಕೆಳಗೆ ಹೋಗಬೇಡಿ ಅಂತ ಹಿಂದೆಯೇ ಬರೆದಿದೆ. ಒಂದು ಕಡೆಗೆ ಒಂದೇ ಬಾಕ್ಸ್ ಇದ್ದಷ್ಟು ದಿನ ತೊಂದರೆಯೇ ಇರಲಿಲ್ಲ. ಆರ್ಕೆಸ್ಟ್ರಾ ಬಂತು, ಸೌಂಡ್ ಸಾಲದು ಅನ್ನಿಸಿತು. ಅದೇ ತರಹದ ಇನ್ನೂ ನಾಲ್ಕು ಬಾಕ್ಸ್ ತಂದು, ಹಿಂದಿನ ಲಿಂಕ್ ಸಾಕೆಟ್‌ನಿಂದ ಒಂದಕ್ಕೊಂದು ಸೇರಿಸಿದರು. ಈಗ ಒಂದು ಚಾನೆಲ್‌ಗೆ ಮೂರು ಬಾಕ್ಸ್.

ಲಿಂಕ್ ಅಂದರೆ ಪ್ಯಾರಲಲ್. ಹೀಗೆ ಜೋಡಿಸಿದಾಗ ಓಮ್ ಕೂಡುವುದಿಲ್ಲ, ಇಳಿಯುತ್ತದೆ. ಎರಡು ಬಾಕ್ಸ್ ಆದರೆ 4 ಓಮ್. ಮೂರಾದರೆ 8 ಭಾಗಿಸು 3, ಅಂದರೆ ಸುಮಾರು 2.7 ಓಮ್. ಅದೇ ವೋಲ್ಟೇಜ್ ಕೊಡಬೇಕಾದರೆ ಆಂಪ್ ಮೂರು ಪಟ್ಟು ಕರೆಂಟ್ ಹರಿಸಬೇಕು. ಅದರ ಸಪ್ಲೈಗೆ ಅಷ್ಟು ತಾಕತ್ತಿಲ್ಲ. ಒಳಗಿನ ವೋಲ್ಟೇಜ್ ಕುಸಿಯುತ್ತದೆ, ಹೀಟ್ ಸಿಂಕ್ ಕಾಯುತ್ತದೆ, ಕೆಂಪು ಕ್ಲಿಪ್ ಲೈಟ್ ಆರದೆ ಉರಿಯುತ್ತದೆ. ಎರಡು ಸಲ ಆಂಪ್ ತಾನಾಗಿಯೇ ಆಫ್ ಆಗಿತ್ತಂತೆ. ಆಪರೇಟರ್ ಫ್ಯಾನ್ ಇಟ್ಟು ಪ್ರೋಗ್ರಾಂ ಮುಂದುವರಿಸಿದ. ಆಂಪ್ ಅಷ್ಟು ಹೇಳಿದರೂ ಕೇಳಲಿಲ್ಲ ಅಂದರೆ ಇನ್ನೇನು ಮಾಡೋದು!

ಒಂದೊಂದು ಬಾಕ್ಸ್‌ಗೆ 150 ವ್ಯಾಟ್ ಸಿಕ್ಕಿದ್ದರೆ ಜಾಸ್ತಿ. ಆದರೂ ಆರರಲ್ಲಿ ನಾಲ್ಕು ಟ್ವೀಟರ್ ಸುಟ್ಟವು. ಯಾಕೆ ಅಂದರೆ, 250 ವ್ಯಾಟ್ ಅನ್ನುವುದು ಇಡೀ ಬಾಕ್ಸ್‌ನ ಲೆಕ್ಕ. ಅದರ ಬಹುಪಾಲನ್ನು ತಡೆದುಕೊಳ್ಳುವುದು ವೂಫರ್. ಟ್ವೀಟರ್ ತಡೆಯುವುದು ಕೆಲವೇ ಹತ್ತು ವ್ಯಾಟ್. ಹಾಡಿನಲ್ಲಿ ಸಾಮಾನ್ಯವಾಗಿ ಹೈ ಫ್ರೀಕ್ವೆನ್ಸಿಯ ಪಾಲು ಕಡಿಮೆ, ಹಾಗಾಗಿ ಅಷ್ಟೇ ಸಾಕು. ಆಂಪ್ ಕ್ಲಿಪ್ ಆದಾಗ, ಅಂದರೆ ಕೊಡಬಲ್ಲ ವೋಲ್ಟೇಜ್ ಮುಗಿದು ಅಲೆಯ ತಲೆ ಕತ್ತರಿಸಿದಾಗ, ಈ ಲೆಕ್ಕ ಕೆಡುತ್ತದೆ. ಬೇಸ್ ಆಗಲೇ ಚಾವಣಿ ಮುಟ್ಟಿರುತ್ತದೆ, ವಾಲ್ಯೂಮ್ ತಿರುಗಿಸಿದರೂ ಅದು ಏರುವುದಿಲ್ಲ. ಸಣ್ಣಗಿದ್ದ ಹೈ ಮಾತ್ರ ಏರುತ್ತಲೇ ಹೋಗುತ್ತದೆ. ಜೊತೆಗೆ, ತಲೆ ಕತ್ತರಿಸಿಕೊಂಡ ಅಲೆ ಹಾಡಿನಲ್ಲಿ ಇಲ್ಲದ ಹೊಸ ಹೈ ಫ್ರೀಕ್ವೆನ್ಸಿಗಳನ್ನೂ ಹುಟ್ಟಿಸುತ್ತದೆ. ಕ್ರಾಸ್‌ಓವರ್‌ಗೆ ಯಾವುದು ಅಸಲಿ, ಯಾವುದು ನಕಲಿ ಗೊತ್ತಿಲ್ಲ, ಎಲ್ಲವನ್ನೂ ಟ್ವೀಟರ್‌ಗೇ ಕಳಿಸುತ್ತದೆ. ಕೂದಲೆಳೆಯಂಥ ತಂತಿಯ ಕಾಯಿಲ್ ಬಿಡುವಿಲ್ಲದೆ ಕಾದು ತುಂಡಾಗುತ್ತದೆ.

ಇದನ್ನು ಪತ್ತೆ ಮಾಡುವಾಗ ಹಲವರು ಎಡವುವ ಜಾಗ ಒಂದಿದೆ. ಬಾಕ್ಸ್ ಹಿಂದಿನ ಸಾಕೆಟ್‌ಗೆ ಮಲ್ಟಿಮೀಟರ್ ಇಟ್ಟರೆ ಸುಮಾರು 6 ಓಮ್ ತೋರಿಸುತ್ತದೆ. 8 ಓಮ್ ಬಾಕ್ಸ್‌ಗೆ ಮೀಟರ್‌ನಲ್ಲಿ ಅದು ಸರಿಯಾದ ರೀಡಿಂಗೇ. ಆದರೆ ಅದು ವೂಫರ್ ಕಾಯಿಲ್‌ನದು. ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್ ಕೂತಿದೆ, ಮೀಟರ್‌ನ ಡಿಸಿ ಅದನ್ನು ದಾಟುವುದಿಲ್ಲ. ಟ್ವೀಟರ್‌ನ ವೈರ್ ಬಿಡಿಸಿ, ಅದರ ಟರ್ಮಿನಲ್‌ಗೇ ಮೀಟರ್ ಇಡಬೇಕು. ಈ ನಾಲ್ಕರಲ್ಲೂ ಓಪನ್ ತೋರಿಸಿತು. ಬಿಚ್ಚಿದರೆ ಕಾಯಿಲ್ ಕಪ್ಪಗಾಗಿತ್ತು, ಸುಟ್ಟ ವಾರ್ನಿಶ್ ವಾಸನೆ. ಕಿವಿಗೂ ಗೊತ್ತಾಗುತ್ತದೆ ಅನ್ನಿ: ಮಾತಿನಲ್ಲಿ ಸ, ಶ ಮಂಕಾಗಿ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ.

ಹೊಸ ಡಯಾಫ್ರಮ್ ಹಾಕಿದ ಮೇಲೆ ಜೋಡಣೆಯನ್ನೂ ಬದಲಿಸಿದೆವು. ಒಂದು ಚಾನೆಲ್‌ಗೆ ಎರಡೇ ಬಾಕ್ಸ್, ಅಂದರೆ 4 ಓಮ್. ಆರು ಬಾಕ್ಸ್‌ಗೆ ಮೂರು ಚಾನೆಲ್ ಬೇಕು, ಹಾಗಾಗಿ ಎರಡು ಆಂಪ್. ನಾಲ್ಕನೇ ಚಾನೆಲ್ ಸ್ಟೇಜ್ ಮಾನಿಟರ್‌ಗೆ. ಆಂಪ್ ಆರಿಸುವಾಗ ಬಾಕ್ಸ್‌ನ ಆರ್‌ಎಂಎಸ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ನೋಡುತ್ತೇವೆ. ಇಲ್ಲಿ ತೆಗೆದುಕೊಂಡಿದ್ದು ಚಾನೆಲ್‌ಗೆ 4 ಓಮ್‌ನಲ್ಲಿ 800 ವ್ಯಾಟ್, ಬಾಕ್ಸ್‌ಗೆ 400 ಬಿತ್ತು. ಡೋಲು, ಡ್ರಮ್ಸ್ ಏಟು ತಲೆ ಕತ್ತರಿಸಿಕೊಳ್ಳದೆ ದಾಟಲಿ ಅಂತ ಈ ಹೆಚ್ಚುವರಿ. ಸುಮ್ನೆ ಅದೇ ಜೋರಿನಲ್ಲಿ ಒತ್ತುತ್ತಾ ಹೋದರೆ ಇದರಿಂದ ವೂಫರ್ರೇ ಸುಡಬಹುದು. ಅದಕ್ಕೇ ಪ್ರೊಸೆಸರ್‌ನಲ್ಲಿ ಆರ್‌ಎಂಎಸ್ ಲಿಮಿಟರ್ ಹಾಕಿದೆವು. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟ್ ಸಿಗುತ್ತದೆ:

```
V = √(250 × 8) ≈ 45
```

ಲಿಮಿಟರನ್ನು ಅಷ್ಟಕ್ಕೇ ನಿಲ್ಲಿಸಿ, ಪಾಸ್‌ವರ್ಡ್ ಹಾಕಿದೆವು. ಹಳೆಯ ಆಂಪನ್ನು ಬ್ರಿಡ್ಜ್ ಮಾಡಿ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದಾಗಿಸಿ, ಊಟದ ಹಾಲ್‌ಗೆ ಹಾಕೋಣವೇ ಅಂತ ಮ್ಯಾನೇಜರ್ ಕೇಳಿದರು. ಬ್ರಿಡ್ಜ್‌ನಲ್ಲಿ ಕನಿಷ್ಠ ಓಮ್ ಎರಡು ಪಟ್ಟಾಗುತ್ತದೆ, 4 ಇದ್ದದ್ದು 8. ಅಲ್ಲಿಗೆ ಒಂದೇ ಬಾಕ್ಸ್. ಬೇಡ, ಸ್ಟೀರಿಯೋದಲ್ಲೇ ಕಡೆಗೊಂದು ಹಾಕಿ ಅಂದೆ.