150 ಬಚ್ಚಲೊಲೆಗಳ ಕೊನೆಯ ವರದಿ

ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ನಮ್ಮ ಸಂಸ್ಥೆ ಒಂದು ವರ್ಷ ಬಚ್ಚಲೊಲೆ ಕಟ್ಟಿಸುವ ಕೆಲಸ ಹಿಡಿದಿತ್ತು. ಹಣ ಬೆಂಗಳೂರಿನ ಒಂದು ಕಂಪನಿ ಸಾಮಾಜಿಕ ಹೊಣೆಗೆಂದು ತೆಗೆದಿಡುವ ಸಿಎಸ್‌ಆರ್ ನಿಧಿಯದು. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾದರೂ ನಮ್ಮ ಕಡೆ ಹಂಡೆ ನೀರು ಕಾಯುವುದು ಇನ್ನೂ ಕಟ್ಟಿಗೆಯಲ್ಲೇ. ಹೊಗೆ ಕೊಳವೆ ಇರುವ, ಕಡಿಮೆ ಕಟ್ಟಿಗೆಯಲ್ಲಿ ನೀರು ಕಾಯುವ ಒಲೆ ಕಟ್ಟಿಕೊಡುವುದು ಯೋಜನೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ನೋಡಿದವರಿಗೆ ಇದರ ತತ್ವ ಹೊಸದೇನಲ್ಲ. ಒಪ್ಪಂದದ ಗುರಿ ಒಂದೇ ಸಾಲಿನಲ್ಲಿತ್ತು: ‘150 ಕುಟುಂಬಗಳು ಸುಧಾರಿತ ಬಚ್ಚಲೊಲೆಯನ್ನು ನಿತ್ಯ ಬಳಸುತ್ತವೆ.’

ವರ್ಷದ ಕೊನೆಗೆ ಕಟ್ಟಿ ಮುಗಿದದ್ದು 118. ಅದರಲ್ಲಿ ದಿನವೂ ಉರಿಯುತ್ತಿದ್ದದ್ದು 79. ನೆಂಟರು ಬಂದಾಗ, ಹಬ್ಬಕ್ಕೆ ಅಂತ ಆಗೊಮ್ಮೆ ಈಗೊಮ್ಮೆ ಉರಿಯುತ್ತಿದ್ದದ್ದು 17. ಉಳಿದ 22 ಒಲೆಗಳಿಗೆ ಬೆಂಕಿಯೇ ಇಲ್ಲ. ಅಂತಿಮ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಈ 79 ಎಂಬ ಸಂಖ್ಯೆ ಸಿಕ್ಕಿದ ರೀತಿ ಹೇಳಬೇಕು. ‘ಒಲೆ ಬಳಸ್ತಾ ಇದ್ದೀರಾ’ ಅಂತ ಕೇಳಿದರೆ ಮಲೆನಾಡಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಮನೆಗೆ ಬಂದವರಿಗೆ ಬೇಜಾರು ಮಾಡಬಾರದು ಅನ್ನುವ ದಾಕ್ಷಿಣ್ಯ. ಮೊದಲ ಸುತ್ತಿನ ಸಮೀಕ್ಷೆಯಲ್ಲಿ ಬಹುತೇಕ ಎಲ್ಲರೂ ಹೌದು ಅಂದಿದ್ದರು. ಆಮೇಲೆ ನಮ್ಮ ಕಾರ್ಯಕರ್ತೆ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಒಲೆಯ ಬಾಯಿ ನೋಡುತ್ತಿದ್ದಳು. ಬೂದಿ ಬೆಚ್ಚಗಿದೆಯೋ ತಣ್ಣಗಿದೆಯೋ, ಕೊಳವೆಯ ತುದಿಗೆ ಮಸಿ ಹಿಡಿದಿದೆಯೋ ಇಲ್ಲವೋ, ಹಂಡೆ ಯಾವುದರ ಮೇಲೆ ಕೂತಿದೆ. ಒಂದು ಮನೆಯಲ್ಲಿ ನಮ್ಮ ಒಲೆಯ ಒಳಗೆ ಕೋಳಿ ಕಾವಿಗೆ ಕೂತಿತ್ತು. ಪಕ್ಕದಲ್ಲೇ ಹಳೆಯ ಮೂರು ಕಲ್ಲು, ಅದರ ಮೇಲೆ ಕುದಿಯುವ ಹಂಡೆ. ಆ ಮನೆಯಾಕೆಯೂ ಮೊದಲು ‘ದಿನಾ ಅದ್ರಲ್ಲೇ ಕಾಯ್ಸೋದು’ ಅಂದಿದ್ದವರೇ.

ನಮ್ಮ ಕಾರ್ಯದರ್ಶಿಗಳಿಗೆ 118 ಸಾಕಿತ್ತು. ‘ಕಟ್ಟಿದ್ದು ಸುಳ್ಳಾ? ಫೋಟೋ ಇದೆ, ಫಲಾನುಭವಿಗಳ ಸಹಿ ಇದೆ. 118 ಅಂತ ಬರಿ, ಉಳಿದದ್ದಕ್ಕೆ ಮಳೆ ಅಂತ ಹಾಕು’ ಅಂದರು. ಅವರು ಮೋಸದ ಮನುಷ್ಯರಲ್ಲ, ಸಂಸ್ಥೆಯ ಸಂಬಳದ ಚಿಂತೆ ಹೊತ್ತವರು. ಆದರೆ ಗುರಿಯ ಸಾಲಿನಲ್ಲಿ ಇದ್ದದ್ದು ‘ಬಳಸುತ್ತವೆ’ ಅಂತ. ಅದರ ಎದುರು ಕಟ್ಟಿದ್ದರ ಲೆಕ್ಕ ಕೂರಿಸಿದರೆ ಓದುವವರು 118 ಮನೆಯಲ್ಲಿ ಒಲೆ ಉರಿಯುತ್ತಿದೆ ಅಂತಲೇ ತಿಳಿಯುತ್ತಾರೆ. ಆ ಒಂದು ಅಂಕೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಕೆಲವು ಮನೆಗಳಲ್ಲಿ ತೂಗುವ ತಕ್ಕಡಿ ಕಟ್ಟಿ ದಿನದ ಕಟ್ಟಿಗೆ ಅಳೆದಿದ್ದೆವು. ಮನೆಯೊಂದಕ್ಕೆ ಉಳಿಯುವ ಸರಾಸರಿ ಕಟ್ಟಿಗೆಯನ್ನು ಕರಡಿನಲ್ಲಿ 118ರಿಂದ ಗುಣಿಸಿ ‘ವರ್ಷಕ್ಕೆ ಇಷ್ಟು ಟನ್ ಕಟ್ಟಿಗೆ ಉಳಿತಾಯ’ ಅಂತ ಯಾರೋ ಬರೆದಾಗಿತ್ತು. ಕೋಳಿ ಕೂತ ಒಲೆಯೂ ಕಾಡು ಉಳಿಸಿದ ಲೆಕ್ಕವಾಯಿತು! ನಾನು ಗುಣಿಸಿದ್ದು 79ರಿಂದ ಮಾತ್ರ. ಟನ್ನು ಇಳಿಯಿತು, ಆದರೆ ಯಾರು ಬಂದು ಕೇಳಿದರೂ ಮನೆ ತೋರಿಸಬಹುದಾದ ಲೆಕ್ಕ ಅದು.

ಅಷ್ಟು ಹೊತ್ತಿಗೆ ಅಂಕೆಯ ಮಾತು ಕಂಪನಿಗೆ ಹೊಸದಾಗಿಯೂ ಉಳಿದಿರಲಿಲ್ಲ. ಫೆಬ್ರುವರಿಯಲ್ಲೇ, ಸಮೀಕ್ಷೆಯ ಹಾಳೆಗಳು ಕೈಗೆ ಬಂದ ವಾರವೇ, ಸಿಎಸ್‌ಆರ್ ನೋಡಿಕೊಳ್ಳುವ ಮೇಡಂಗೆ ಫೋನ್ ಮಾಡಿದ್ದೆ. ಇದರಲ್ಲಿ ಸೌಜನ್ಯಕ್ಕಿಂತ ಲೆಕ್ಕಾಚಾರ ಹೆಚ್ಚು. ಒಲೆಯೊಂದಕ್ಕೆ 4,200 ರೂಪಾಯಿಯಂತೆ, ಕಟ್ಟದೆ ಉಳಿದ 32 ಒಲೆಗಳ 1,34,400 ರೂಪಾಯಿ ನಮ್ಮ ಖಾತೆಯಲ್ಲಿ ಕೂತಿತ್ತು. ನಮಗೆ ಹಣ ಕಳಿಸಿದ ಮಾತ್ರಕ್ಕೆ ಕಂಪನಿಯ ಲೆಕ್ಕದಲ್ಲಿ ಅದು ಖರ್ಚಾದಂತೆ ಅಲ್ಲ; ನಾವು ಬಳಸಿದಷ್ಟೇ ಖರ್ಚು. ಹಣ ಉದ್ದೇಶಿಸಿದ ಕೆಲಸಕ್ಕೇ ಹೋಗಿದೆ ಅಂತ ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು ಅಂತ 2021ರ ತಿದ್ದುಪಡಿ ನಿಯಮವೇ ಇದೆ. ಮುಂದುವರಿಯುವ ಯೋಜನೆ ಅಂತ ಆಡಳಿತ ಮಂಡಳಿ ಒಪ್ಪಿದ್ದರೆ, ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಉಳಿಕೆ ಹಣವನ್ನು ಬೇರೆಯೇ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಬಳಸಬಹುದು. ಹಾಗೆ ಒಪ್ಪಿಲ್ಲದಿದ್ದರೆ ಆರು ತಿಂಗಳೊಳಗೆ ಅದು ಸರ್ಕಾರ ಗೊತ್ತುಪಡಿಸಿದ ನಿಧಿಗೆ ಹೋಗಬೇಕು. ಹೀಗಿರುವಾಗ ಮೇ ತಿಂಗಳಲ್ಲಿ ಅಂತಿಮ ವರದಿ ತೆರೆದು ‘ಉಳಿಕೆ 1,34,400’ ಅಂತ ಓದಿದರೆ ಆ ಮೇಡಂ ಏನು ಮಾಡಬೇಕು? ಅವರ ಮೇಲಿನವರ ಸಹಿ ಆಗಿಹೋಗಿರುತ್ತದೆ. ಫೆಬ್ರುವರಿಯಲ್ಲಿ ಹೇಳಿದರೆ ಅವರಿಗೆ ಮಂಡಳಿಯ ಮುಂದೆ ಇಡಲು ಸಮಯ ಸಿಗುತ್ತದೆ.

ಫೋನಿನಲ್ಲಿ ಅವರು ಸಿಟ್ಟಾಗಲಿಲ್ಲ, ಖುಷಿಯೂ ಪಡಲಿಲ್ಲ. ‘ಇದನ್ನೇ ಒಂದು ಪುಟದಲ್ಲಿ ಮೇಲ್ ಮಾಡಿ, ಕಾರಣ ಆಮೇಲೆ ಮಾತಾಡೋಣ’ ಅಂದರು.

ಆ ಉಳಿಕೆ ಹಣದ ಮೇಲೆ ಕಚೇರಿಯಲ್ಲೂ ಕಣ್ಣಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಜೀಪಿನ ಡೀಸೆಲ್ ಅಂದಾಜಿಗಿಂತ ಮೀರಿತ್ತು, ಅಲ್ಲಿಗೆ ಸರಿಹೊಂದಿಸಬಹುದಲ್ಲ ಅನ್ನುವ ಸಲಹೆ. ಬಜೆಟ್ಟಿನ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಣ ಸರಿಸಲು ಬರಹದಲ್ಲಿ ಒಪ್ಪಿಗೆ ಬೇಕು ಅಂತ ಒಪ್ಪಂದದಲ್ಲೇ ಇತ್ತು. ಲೆಕ್ಕಪರಿಶೋಧಕರು ಕೊಡುವ ಬಳಕೆ ಪ್ರಮಾಣಪತ್ರದಲ್ಲಿ ಅದು ಹೇಗೂ ಕಾಣುತ್ತದೆ ಅಂತ ನಮ್ಮ ಅಕೌಂಟೆಂಟ್ ಹೇಳಿದ ಮೇಲೆ ಆ ಮಾತು ನಿಂತಿತು. ವರದಿಯ ಕಥೆ ಒಂದು ಹೇಳಿ ಪ್ರಮಾಣಪತ್ರ ಇನ್ನೊಂದು ಹೇಳಿದರೆ ಓದುವವರು ನಂಬುವುದು ಪ್ರಮಾಣಪತ್ರವನ್ನೇ.

ಕಷ್ಟದ ಭಾಗ ಕಾರಣಗಳದ್ದು. ಕರಡಿನಲ್ಲಿ ‘ಭಾರಿ ಮಳೆಯಿಂದಾಗಿ ಕಾಮಗಾರಿ ವಿಳಂಬ’ ಅಂತಿತ್ತು. ತೀರ್ಥಹಳ್ಳಿಯಲ್ಲಿ ಮಳೆ ಬರುತ್ತದೆ ಅಂತ ಯೋಜನೆ ಬರೆಯುವಾಗ ಗೊತ್ತಿರಲಿಲ್ಲವೇ ಅಂತ ಕಂಪನಿಯವರು ಕೇಳಿದರೆ ಬಾಯಿ ಬರುವುದಿಲ್ಲ. ಪಕ್ಕದಲ್ಲೇ ಆಗುಂಬೆ ಇದೆ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟೇ ನಮ್ಮ ಕೆಲಸದ ಪಟ್ಟಿ ಮಾಡಿದ್ದು. ನಿಜವಾದ ಪೆಟ್ಟು ಬಿದ್ದದ್ದು ಮಳೆ ಬಿಟ್ಟ ಮೇಲೆ. ಅಕ್ಟೋಬರಿಗೆ ಕೈಯಲ್ಲಿರಬೇಕಾದ ಎರಡನೇ ಕಂತು ಬಂದಾಗ ನವೆಂಬರ್ ಕೊನೆ. ಆಗ ಅಡಿಕೆ ಕೊಯ್ಲು ಜೋರಾಗಿತ್ತು. ಗಾರೆಯವರು ಅಡಿಕೆ ಕೊನೆ ಹೊರಲು, ಅವರ ಮನೆಯ ಹೆಂಗಸರು ಅಡಿಕೆ ಸುಲಿಯಲು ಹೋಗಿದ್ದರು. ಆ ಹೊತ್ತಿನಲ್ಲಿ ಬಚ್ಚಲು ಒಡೆಸಿಕೊಳ್ಳಲು ಯಾವ ಮನೆಯವರೂ ತಯಾರಿಲ್ಲ.

ಕಂತು ತಡವಾಗಿ ಕಳಿಸಿದ್ದು ಕಂಪನಿ. ಹಣ ಕೊಟ್ಟವರ ವರದಿಯಲ್ಲೇ ಅವರ ತಡವನ್ನು ಬರೆಯುವುದು ಹೇಗೆ? ಬಿಟ್ಟುಬಿಟ್ಟರೆ ನಾವು ಎರಡು ತಿಂಗಳು ಸುಮ್ಮನೆ ಕೂತಂತೆ ಕಾಣುತ್ತದೆ. ‘ನಿಮ್ಮ ವಿಳಂಬದಿಂದಾಗಿ’ ಅಂದರೆ ಜಗಳಕ್ಕೆ ಕರೆದಂತೆ. ನಾನು ಒಂದು ಕಾಲಪಟ್ಟಿ ಮಾಡಿದೆ: ಕಂತು ಬರಬೇಕಿದ್ದ ತಾರೀಕು, ಬಂದ ತಾರೀಕು, ಆ ತಿಂಗಳು ಮುಗಿದ ಒಲೆ. ಗುಣವಾಚಕ ಒಂದೂ ಇಲ್ಲ. ಕೆಳಗೆ ನಮ್ಮ ಪಾಲಿನದೂ ಒಂದು ಸಾಲು: ಕೊಯ್ಲಿನ ತಿಂಗಳುಗಳಲ್ಲಿ ಗಾರೆಯವರಿಗೆ ಬದಲಿ ವ್ಯವಸ್ಥೆ ಯೋಜನೆಯಲ್ಲಿ ಇರಲಿಲ್ಲ. ಅದನ್ನು ಅಧಿಕೃತವಾಗಿ ಕಳಿಸುವ ಮೊದಲು ಮೇಡಂಗೆ ಕರಡು ಕಳಿಸಿದೆ, ಅವರ ಮೇಲಿನವರ ಕೈಯಲ್ಲಿ ಮೊದಲು ನೋಡುವಂತಾಗಬಾರದು ಅಂತ. ‘ವಿಳಂಬ’ ಅಂತ ಎಲ್ಲೂ ಬರೆದಿಲ್ಲವಲ್ಲ, ತಾರೀಕು ಸರಿ ಇದೆ, ಇರಲಿ ಅಂದರು.

ಬಳಸದ 22 ಒಲೆಗಳ ಕಾರಣ ಬೇರೆ, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಂಡದ್ದು. ನಮ್ಮ ಒಲೆಯ ಬಾಯಿ ಸಣ್ಣದು, ಸೀಳಿದ ಕಟ್ಟಿಗೆಗೆ ಮಾಡಿದ್ದು. ಬಚ್ಚಲಲ್ಲಿ ಸೀಳಿದ ಕಟ್ಟಿಗೆ ಯಾರು ಉರಿಸುತ್ತಾರೆ? ಅಲ್ಲಿ ಉರಿಯುವುದು ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ, ಒಡೆಯಲಾಗದ ಬೊಡ್ಡೆ. ಇನ್ನೊಂದು ಸಂಗತಿ, ಮಳೆಗಾಲದಲ್ಲಿ ಬಚ್ಚಲ ಹೊಗೆ ಬೇಕು. ಒದ್ದೆ ಬಟ್ಟೆ, ಕಂಬಳಿ, ನಾಳೆಯ ಕಟ್ಟಿಗೆ ಎಲ್ಲ ಒಣಗುವುದು ಆ ಹೊಗೆ, ಆ ಶಾಖದಲ್ಲೇ. ಕೊಳವೆ ಹೊಗೆಯ ಜೊತೆ ಶಾಖವನ್ನೂ ಹೊರಗೆ ಒಯ್ದಿತು. ಇದನ್ನು ‘ಫಲಾನುಭವಿಗಳಲ್ಲಿ ಅರಿವಿನ ಕೊರತೆ’ ಅಂತ ಬರೆಯುವುದು ನಮ್ಮ ಕ್ಷೇತ್ರದ ಹಳೆಯ ಚಾಳಿ. ಅರಿವಿನ ಕೊರತೆ ಇದ್ದದ್ದು ಒಲೆಯ ನಕ್ಷೆಗೆ. ಫೆಬ್ರುವರಿಯ ನಂತರ ಆರು ಮನೆಗಳಲ್ಲಿ ಬಾಯಿ ದೊಡ್ಡದು ಮಾಡಿ, ಕೊಳವೆಯ ಸುತ್ತ ಬಟ್ಟೆ ಹರವಲು ಕಬ್ಬಿಣದ ಸರಳು ಕೂರಿಸಿ ನೋಡಿದೆವು. ನಾಲ್ಕು ಮನೆಯವರು ಮತ್ತೆ ಉರಿಸತೊಡಗಿದರು. ಈ ನಾಲ್ಕನ್ನು 79ಕ್ಕೆ ಸೇರಿಸಿ 83 ಮಾಡಲಿಲ್ಲ. ಸಮೀಕ್ಷೆಯ ನಂತರದ್ದು ಅಂತ ಬೇರೆಯಾಗಿಯೇ ಬರೆದೆ. ಬಾಯಿ ದೊಡ್ಡದಾದರೆ ಕಟ್ಟಿಗೆ ಉಳಿತಾಯ ಎಷ್ಟು ಇಳಿಯುತ್ತದೆ ಅಂತ ಇನ್ನೂ ತೂಗಿಲ್ಲ ಅನ್ನುವುದನ್ನೂ ಬರೆದೆ.

ಕಚೇರಿಯ ಹುಡುಗನೊಬ್ಬ ಇದನ್ನೆಲ್ಲ ಓದಿ ಅಲ್ಲಲ್ಲಿ ‘ವಿಷಾದಿಸುತ್ತೇವೆ’, ‘ದಯವಿಟ್ಟು ಮನ್ನಿಸಬೇಕು’ ಸೇರಿಸಿದ್ದ. ಎಲ್ಲ ತೆಗೆದೆ. ಕ್ಷಮೆ ಕೇಳಿದರೆ ಓದುವವರು ಸಮಾಧಾನ ಹೇಳುವ ಕೆಲಸಕ್ಕೆ ಬೀಳುತ್ತಾರೆ, ಅವರಿಗೆ ಬೇಕಾದದ್ದು ಅಂಕೆ. ಮೂರು ಅಂಕೆಗಳನ್ನೂ ಮೊದಲ ಪುಟದಲ್ಲೇ ಇಟ್ಟೆ: ಹೇಳಿದ್ದು 150, ಕಟ್ಟಿದ್ದು 118, ನಿತ್ಯ ಉರಿಯುವುದು 79. ಕೊನೆಯ ಪುಟಗಳ ‘ಎದುರಾದ ಸವಾಲುಗಳು’ ಎಂಬ ತಲೆಬರಹದ ಕೆಳಗೆ ಇವನ್ನು ಹುಗಿದಿಡುವುದು ವಾಡಿಕೆ. ಹುಗಿದಿಟ್ಟದ್ದನ್ನು ಅವರೇ ತೋಡಿ ತೆಗೆದರೆ ಮುಂದಿನ ಪುಟಗಳನ್ನೆಲ್ಲ ಅನುಮಾನದಲ್ಲೇ ಓದುತ್ತಾರೆ.

ಕಂಪನಿಯಿಂದ ಒಂದೇ ಪ್ರಶ್ನೆ ಬಂತು: ಉಳಿದ 32 ಒಲೆ ಆರು ತಿಂಗಳಲ್ಲಿ ಮುಗಿಸಿಕೊಡುತ್ತೀರಾ? ಕಾರ್ಯದರ್ಶಿಗಳು ಹೂಂ ಅನ್ನಲು ತಯಾರಿದ್ದರು. ಆ ಆರು ತಿಂಗಳಲ್ಲಿ ನಾಲ್ಕು ತಿಂಗಳು ಮಳೆಗಾಲ, ನಕ್ಷೆಯೂ ಇನ್ನೂ ಪಕ್ಕಾ ಆಗಿಲ್ಲ ಅಂತ ನಾನು ಬರೆದೆ. ಬದಲಿಗೆ ಅದೇ ಹಣದಲ್ಲಿ, ಉರಿಯದ ಮತ್ತು ಅಪರೂಪಕ್ಕೆ ಉರಿಯುವ ಒಲೆಗಳನ್ನು ರಿಪೇರಿ ಮಾಡಿ, ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಎಣಿಸುತ್ತೇವೆ ಅಂದೆವು. ಮಂಡಳಿ ಒಪ್ಪಿತು. ಹೊಸ ಅನುದಾನದ ಮಾತು ಆ ಎಣಿಕೆ ಆದಮೇಲೆ ಅಂತಲೂ ಪತ್ರದಲ್ಲಿ ಬಂತು. ಕಾರ್ಯದರ್ಶಿಗಳಿಗೆ ಅದು ಇನ್ನೂ ನುಂಗಲಾಗದ ತುತ್ತು.

ಪಟ್ಟಿಯಲ್ಲಿದ್ದು ಒಲೆ ಸಿಗದ 32 ಮನೆಗಳಿಗೆ ನಾವೇ ಹೋಗಿ ಹೇಳಬೇಕಾಯಿತು. ಕಂಪನಿಗೆ ಬರೆದದ್ದನ್ನೇ ಅವರಿಗೂ ಹೇಳಿದೆವು: ಈ ವರ್ಷ ಇಲ್ಲ, ಮುಂದಿನ ವರ್ಷದ್ದು ಗ್ಯಾರಂಟಿ ಕೊಡುವುದಿಲ್ಲ. ಹೆಚ್ಚಿನವರು ತಲೆ ಆಡಿಸಿ ಕಾಫಿ ಕೊಟ್ಟರು. ಒಬ್ಬರು ಅಜ್ಜಿ ಮಾತ್ರ ಬಿಡಲಿಲ್ಲ. ‘ಒಲೆ ಹೋದ್ರೆ ಹೋಯ್ತು ಮಾರಾಯ, ಆಧಾರ್ ಝೆರಾಕ್ಸ್ ಇಸ್ಕಂಡಿದ್ರಲ್ಲ, ಅದು ವಾಪಸ್ ಕೊಡಿ’ ಅಂದರು. ಫೈಲಿನಿಂದ ತೆಗೆದು, ಪಟ್ಟಿಯಲ್ಲಿ ಅವರ ಸಹಿ ಹಾಕಿಸಿಕೊಂಡು ಕೊಟ್ಟೆವು.