ನೆಗೆಟಿವ್ ಬಂದ ಮೇಲೆ ಇನ್ನೇನು?

"ನೋಡೋ, ನೆಗೆಟಿವ್. ಮುಗೀತು ಅಲ್ವಾ?"

ಗೆಳೆಯ ಈ ವಾರ ಎಚ್‌ಐವಿ ರಿಪೋರ್ಟ್ ಮುಂದೆ ಹಿಡಿದು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. ಲ್ಯಾಬಿನ ಕೆಲಸದಲ್ಲಿರುವ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ತಾರೀಕು. ಕಾಂಡೋಮ್ ಇಲ್ಲದೆ ಸೇರಿದ್ದು ಮಾರ್ಚ್ 1ಕ್ಕೆ, ಪರೀಕ್ಷೆ 12ಕ್ಕೆ. ಅದೂ ಬೆರಳು ಚುಚ್ಚಿ ಮಾಡುವ, ಆ್ಯಂಟಿಬಾಡಿ ಮಾತ್ರ ನೋಡುವ ಕಿಟ್. ರಿಪೋರ್ಟ್ ಕೊಟ್ಟವರು "ಯಾವಾಗ ಆಯ್ತು?" ಅಂತ ಒಂದು ಮಾತೂ ಕೇಳಲಿಲ್ಲವಂತೆ. ನನಗೆ ಸಿಟ್ಟು ಬಂದದ್ದು ಅವರ ಮೇಲೆ. ಆ ಪ್ರಶ್ನೆ ಕೇಳದೆ ಕೊಟ್ಟ ನೆಗೆಟಿವ್‌ಗೆ ಅರ್ಧ ಬೆಲೆ.

ವೈರಸ್ ಒಳಗೆ ಹೋದ ದಿನವೇ ರಕ್ತದಲ್ಲಿ ಸಿಗುವುದಿಲ್ಲ. ಅದರ ವಿರುದ್ಧ ದೇಹ ಆ್ಯಂಟಿಬಾಡಿ ತಯಾರಿಸಲು ಇನ್ನೂ ಹೊತ್ತು ಬೇಕು. ಈ ನಡುವಿನ ಕಾಲವೇ ವಿಂಡೋ ಪೀರಿಯಡ್. ಗೆಳೆಯ ಮಾಡಿಸಿದಂಥ ಕಿಟ್‌ಗೆ ಸೋಂಕು ಕಾಣಲು 23ರಿಂದ 90 ದಿನ ಬೇಕಾಗಬಹುದು. ಅಂದರೆ 12ನೇ ತಾರೀಕಿನ ಆ ರಿಪೋರ್ಟ್ ಹೇಳುತ್ತಿರುವುದು ಡಿಸೆಂಬರ್‌ವರೆಗಿನ ಕಥೆ. ಮಾರ್ಚ್ 1ರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

"ಹಾಗಾದ್ರೆ ಯಾವಾಗ ನಂಬಲಿ?" ಅಂದ.

ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಇದೆ. ಅದು ಆ್ಯಂಟಿಬಾಡಿ ಜೊತೆಗೆ ವೈರಸ್‌ನದೇ ಪಿ24 ಅನ್ನುವ ಪ್ರೋಟೀನನ್ನೂ ಹುಡುಕುತ್ತದೆ. ಪಿ24 ಮೊದಲೇ ಕಾಣಿಸಿಕೊಳ್ಳುವುದರಿಂದ ಕಾಯುವ ಕಾಲ 18ರಿಂದ 45 ದಿನಕ್ಕೆ ಇಳಿಯುತ್ತದೆ. ಅವನ ಲೆಕ್ಕದಲ್ಲಿ ಏಪ್ರಿಲ್ 15ರ ನಂತರ ಅದು ನೆಗೆಟಿವ್ ಬಂದರೆ ಮಾರ್ಚ್ 1ರ ಚಿಂತೆ ಬಿಡಬಹುದು. ಬೆರಳು ಚುಚ್ಚುವ ಕಿಟ್ಟೇ ಸಾಕು ಅಂದರೆ ಮೇ 30ರವರೆಗೆ ಕಾಯಬೇಕು. ನಡುವೆ ಮತ್ತೆ ಅಂಥದ್ದೇ ಆದರೆ ಎಣಿಕೆ ಆ ದಿನದಿಂದ ಹೊಸದಾಗಿ ಶುರು.

ಆಗಿ 72 ಗಂಟೆಯೊಳಗೆ ಬಂದಿದ್ದರೆ ಸೋಂಕು ತಡೆಯುವ 28 ದಿನದ ಮಾತ್ರೆ, ಪಿಇಪಿ, ಶುರುಮಾಡಬಹುದಿತ್ತು. ಈಗ ಆ ದಾರಿ ಇಲ್ಲ. ಆ ಮಾತ್ರೆ ತೆಗೆದುಕೊಂಡವರಲ್ಲಿ ಸೋಂಕು ಕಾಣಿಸಿಕೊಳ್ಳುವುದು ತಡವಾಗಬಹುದು. ಹಾಗಾಗಿ ಅವರು ಈ 45ರ ಲೆಕ್ಕ ಹಿಡಿಯದೆ, ಕೊಟ್ಟ ಡಾಕ್ಟರ್ ಹೇಳಿದ ದಿನಕ್ಕೇ ಹೋಗಬೇಕು.

"ಅಲ್ಲಿವರೆಗೆ?"

ಈ ಪ್ರಶ್ನೆ ಅವನೇ ಕೇಳಿದ್ದು ನನಗೆ ಹಿಡಿಸಿತು. ಬಹಳ ಜನ ಕೇಳುವುದೇ ಇಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ ಇರುತ್ತದೆ, ಇನ್ನೊಬ್ಬರಿಗೆ ಸುಲಭವಾಗಿ ದಾಟುತ್ತದೆ. ಕಿಟ್ ಮಾತ್ರ ನೆಗೆಟಿವ್ ತೋರಿಸುತ್ತಿರಬಹುದು. ಅದಕ್ಕೇ ಕಾಂಡೋಮ್ ಬೇಕೇ ಬೇಕು, ರಕ್ತದಾನ ಬೇಡ ಅಂದೆ. ಜ್ವರ, ಗಂಟಲು ನೋವು ಬಂದರೆ ಪರೀಕ್ಷೆ ಬೇಗ ಮಾಡಿಸು, ಬರದಿದ್ದರೆ ಪಾರಾದೆ ಅಂದುಕೊಳ್ಳಬೇಡ.

ಅವನು ಮೊಬೈಲ್ ತೆಗೆದು ಏಪ್ರಿಲ್ 16ಕ್ಕೆ ಗುರುತು ಹಾಕಿಕೊಂಡ. "ಅವಳಿಗೂ ಹೇಳ್ಬೇಕಲ್ವಾ?" ಅಂದ. ಹೌದು ಅಂದೆ. ನಿನ್ನ ನೆಗೆಟಿವ್ ನಿನ್ನದು ಮಾತ್ರ, ಅವಳ ಪರೀಕ್ಷೆ ಅವಳೇ ಮಾಡಿಸಬೇಕು.