ಪ್ರಾಣೇಶಾಚಾರ್ಯರ ಪಕ್ಕದಲ್ಲಿ ಪುಟ್ಟ

ಇಂದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಮೇಲೆ ವಿದ್ಯಾರ್ಥಿನಿಯೊಬ್ಬಳು ಬರೆದ ಪಾತ್ರವಿಮರ್ಶೆಯನ್ನು ಓದಿದೆ. ಎಲ್ಲರಂತೆ ಅವಳೂ ನಾಯಕ ಪ್ರಾಣೇಶಾಚಾರ್ಯರ ಎದುರಿಗೆ ನಾರಣಪ್ಪನನ್ನು ನಿಲ್ಲಿಸಿದ್ದಳು. ಅದು ತಪ್ಪಲ್ಲ, ಆದರೆ ಕಾದಂಬರಿಯ ಆರಂಭದಲ್ಲೇ ಸತ್ತುಹೋಗುವ ನಾರಣಪ್ಪ ಆಚಾರ್ಯರ ನಂಬಿಕೆಗೆ ಸವಾಲು ಹಾಕುವ ಎದುರಾಳಿ. ಅವರ ದೌರ್ಬಲ್ಯವನ್ನು ಹೆಜ್ಜೆಹೆಜ್ಜೆಗೂ ಬಯಲಿಗೆಳೆಯುವವನು ಮಾತ್ರ, ಕೊನೆಯ ಭಾಗದಲ್ಲಿ ದಾರಿಯಲ್ಲಿ ಗಂಟುಬೀಳುವ ವಾಚಾಳಿ ಪುಟ್ಟ.

ಮೇಳಿಗೆಯ ಜಾತ್ರೆಯ ಕೋಳಿ ಅಂಕವನ್ನೇ ನೋಡಿ. ಪುಟ್ಟ ಅದರಲ್ಲಿ ಮೈಮರೆಯುತ್ತಾನೆ. ಅದೇ ಗುಂಪಿನಲ್ಲಿ ನಿಂತ ಆಚಾರ್ಯರು ಆ ಕ್ರೌರ್ಯದ ತನ್ಮಯತೆಗೆ ಬೆಚ್ಚುತ್ತಾರೆ. ಅಂಕ ಒಂದೇ, ನೋಡುವವರು ಇಬ್ಬರು. ಪುಟ್ಟನಿಲ್ಲದಿದ್ದರೆ ಆಚಾರ್ಯರ ಹಿಂಜರಿಕೆ ಸಾತ್ವಿಕತೆಯಂತೆಯೇ ಕಾಣುತ್ತಿತ್ತು. ಅವನಿರುವುದರಿಂದ ಅದು ಬದುಕಿನೊಳಗೆ ಇಳಿಯಲಾರದ ಭಯವೆಂದು ತಿಳಿಯುತ್ತದೆ. ಪುಟ್ಟನೇನೂ ಆದರ್ಶನಲ್ಲ, ಅವನಿಗೆ ಆಚಾರ್ಯರ ಸಂಕಟದ ಅರಿವೂ ಇಲ್ಲ. ತೀರ್ಪು ಕೊಡದ ಸಂಗಾತಿಯಾದ್ದರಿಂದಲೇ ಅವನು ಇಷ್ಟು ಹರಿತ ಎಂದು ನನಗನಿಸುತ್ತದೆ.

ಇದನ್ನು ವಿಮರ್ಶೆಯಾಗಿ ಬರೆಯುವಾಗ ‘ಒಬ್ಬ ಗಂಭೀರ, ಇನ್ನೊಬ್ಬ ಹಗುರ’ ಎಂಬ ವಿಶೇಷಣಗಳ ಜೋಡಿಯಿಂದ ಹೊರಟರೆ ಪಾತ್ರಗಳೆರಡೂ ಚಪ್ಪಟೆಯಾಗುತ್ತವೆ. ಇಬ್ಬರೂ ಒಂದೇ ಸಂಗತಿಯನ್ನು ಎದುರಿಸುವ ಒಂದು ದೃಶ್ಯವನ್ನು ಆರಿಸಿ, ಪ್ರತಿಯೊಬ್ಬರೂ ಏನು ಮಾಡುತ್ತಾರೆಂಬುದನ್ನು ಕ್ರಿಯಾಪದಗಳಲ್ಲೇ ಹೇಳಿ, ಆ ವ್ಯತ್ಯಾಸದಿಂದ ನಾಯಕನ ಯಾವ ಕೊರತೆ ಹೊಸದಾಗಿ ಕಂಡಿತೆಂದು ಒಂದು ವಾಕ್ಯದಲ್ಲಿ ಬರೆಯಬೇಕು. ಪುಟ್ಟನನ್ನು ಅಳಿಸಿದರೂ ಆ ವಾಕ್ಯ ನಿಲ್ಲುವುದಾದರೆ, ಆರಿಸಿದ ದೃಶ್ಯ ಸರಿಯಿಲ್ಲವೆಂದೇ ಅರ್ಥ.